ಸವಳು ನೀರಿಗೆ ಮಸುಕಾದ ಗಾಜಿನ ಲೋಟ ಮತ್ತೆ ಹೊಳೆಯುವಂತೆ ಮಾಡುವುದು ಹೇಗೆ?

ನಮ್ಮ ಓಣಿಯ ಕಾಕು ಮೊನ್ನೆ ಆರು ಗಾಜಿನ ಲೋಟ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮಗಳ ಮದುವೆಯಲ್ಲಿ ಆಹೇರಿ ಬಂದ ಲೋಟಗಳು. ಒಳಗೆ ಹೊರಗೆ ಎಲ್ಲಾ ಕಡೆ ತೆಳ್ಳಗೆ ಮಜ್ಜಿಗೆ ಬಳಿದಂತೆ ಮಸುಕು. ಬಾಯಿಯ ಅಂಚಿನಲ್ಲಿ, ಅಂದರೆ ತಟ್ಟೆಯ ಮೇಲೆ ಬೋರಲು ಹಾಕಿದಾಗ ನೀರು ನಿಲ್ಲುವ ಜಾಗದಲ್ಲಿ, ಬೆಳ್ಳಗೆ ಒಂದು ಉಂಗುರ.

"ಐತವಾರ ಬೀಗರು ಬರಾವ್ರದಾರ, ಇದ್ರಾಗ ಸರಬತ್ತ ಕೊಡೂದು ಹೆಂಗವಾ? ಒಗದ ಬಿಡ್ತೀನಿ" ಅಂದರು.

"ತಡೀರಿ ಕಾಕು, ಮೊದ್ಲ ಒಂದು ಲಿಂಬಿಹಣ್ಣು ಕೊಡ್ರಿ" ಅಂದೆ.

ಬಾಗಲಕೋಟೆ ಸುತ್ತಮುತ್ತ ಸುಣ್ಣದ ಕಲ್ಲು ಜಾಸ್ತಿ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಆ ಕಲ್ಲಿಗಾಗಿ. ಅಂಥ ನೆಲದೊಳಗೆ ಇಳಿದ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡೇ ಬೋರ್‌ಗೆ ಬರುತ್ತದೆ. ತೊಳೆದ ಲೋಟವನ್ನು ಹಾಗೇ ಇಟ್ಟರೆ ನೀರು ಆರಿ ಹೋಗುತ್ತದೆ, ಸುಣ್ಣ ಗಾಜಿನ ಮೇಲೆ ಉಳಿಯುತ್ತದೆ. ದಿನಾ ಒಂದು ಪದರ, ಅದರ ಮೇಲೆ ಇನ್ನೊಂದು. ಸೋಪು ಎಷ್ಟು ಹಾಕಿ ತಿಕ್ಕಿದರೂ ಇದು ಹೋಗದು, ಯಾಕೆಂದರೆ ಸೋಪು ಜಿಡ್ಡು ತೆಗೆಯುತ್ತದೆಯೇ ಹೊರತು ಸುಣ್ಣ ಕರಗಿಸುವುದಿಲ್ಲ. ಸುಣ್ಣ ಕರಗಲು ಹುಳಿ ಬೇಕು.

ಆದರೆ ಎಲ್ಲಾ ಮಸುಕೂ ಸುಣ್ಣವಲ್ಲ. ಗಾಜಿನ ಮೈಯೇ ಸವೆದು ಸಣ್ಣ ಸಣ್ಣ ಗೀರು ಬಿದ್ದಿದ್ದರೂ ಲೋಟ ಹೀಗೇ ಕಾಣುತ್ತದೆ. ಹಾಗಾಗಿ ಮೊದಲು ಪರೀಕ್ಷೆ ಮಾಡಿ. ಅರ್ಧ ಲಿಂಬೆಹಣ್ಣನ್ನು ಲೋಟದ ಒಂದೇ ಕಡೆ, ರೂಪಾಯಿ ಅಗಲದಷ್ಟು ಜಾಗದಲ್ಲಿ ಉಜ್ಜಿ, ಐದು ನಿಮಿಷ ಬಿಡಿ. ತೊಳೆದು ಬಟ್ಟೆಯಿಂದ ಪೂರ್ತಿ ಒರೆಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ. ಒರೆಸುವುದು ಮುಖ್ಯ, ಒದ್ದೆಯಿದ್ದಾಗ ಎಲ್ಲಾ ಲೋಟವೂ ಹೊಸದರಂತೆ ಕಂಡು ಮೋಸ ಮಾಡುತ್ತದೆ. ನೀರು ಗೀರುಗಳಲ್ಲಿ ತುಂಬಿಕೊಂಡು ಮಸುಕನ್ನು ಮುಚ್ಚಿಬಿಡುತ್ತದೆ, ಅಷ್ಟೇ. ಒಣಗಿದ ಮೇಲೂ ಆ ಜಾಗ ತಿಳಿಯಾಗಿದ್ದರೆ ಅದು ಸುಣ್ಣ, ಲೋಟ ಉಳಿಯಿತು. ಸ್ವಲ್ಪವೂ ಬದಲಾಗದಿದ್ದರೆ ಇನ್ನೊಂದು ಸಲ ಹಚ್ಚಿ ನೋಡಿ, ಆಗಲೂ ಹಾಗೇ ಇದ್ದರೆ ಅದು ಗೀರು. ಯಾವ ಹುಳಿಗೂ ಅದು ಹೋಗುವುದಿಲ್ಲ.

ಕಾಕು ಅವರ ಐದು ಲೋಟಗಳಲ್ಲಿ ಲಿಂಬೆ ಹಚ್ಚಿದ ಜಾಗ ಕನ್ನಡಿಯಂತೆ ತಿಳಿಯಾಯಿತು. ಆರನೆಯದು ಮಾತ್ರ ಜಗ್ಗಲಿಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಒಂದೆರಡು ಲೋಟ ಆದರೆ ಲಿಂಬೆಹಣ್ಣೇ ಸಾಕು. ನಮಗಂತೂ ಇಂಡಿ ಲಿಂಬೆ ಪಕ್ಕದ ಜಿಲ್ಲೆಯದೇ. ಆರು ಲೋಟ ಅಂದರೆ ಹಣ್ಣು ಜಾಸ್ತಿ ಬೇಕು, ತಿರುಳು ಬೀಜ ಬೇರೆ ಅಂಟಿಕೊಳ್ಳುತ್ತವೆ. ಅದಕ್ಕೆ ಸಿಟ್ರಿಕ್ ಆ್ಯಸಿಡ್ ಒಳ್ಳೆಯದು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ, ಹರಳು ಹರಳಾಗಿ ಸಕ್ಕರೆಯ ಹಾಗೆ ಇರುತ್ತದೆ. ಬಿಳಿ ವಿನೆಗರ್ ಇದ್ದರೆ ಅದೂ ನಡೆಯುತ್ತದೆ, ವಿನೆಗರ್ ಎಷ್ಟೋ ನೀರೂ ಅಷ್ಟೇ ಹಾಕಿ.

ಮೊದಲು ಲೋಟಗಳನ್ನು ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ, ಮೆತ್ತನೆ ಸ್ಪಂಜಿನಿಂದ ತೊಳೆಯಿರಿ. ಇದನ್ನು ಬಿಡಬೇಡಿ. ಮೇಲೆ ಜಿಡ್ಡಿದ್ದರೆ ಹುಳಿ ನೀರು ಸುಣ್ಣವನ್ನು ಮುಟ್ಟುವುದೇ ಇಲ್ಲ. ಆಮೇಲೆ ಪ್ಲಾಸ್ಟಿಕ್ ಟಬ್ ಅಥವಾ ಸ್ಟೀಲ್ ಪಾತ್ರೆಯ ತಳಕ್ಕೆ ಒಂದು ಹಳೆಯ ಬಟ್ಟೆ ಹಾಸಿ, ಲೋಟಕ್ಕೆ ಲೋಟ ತಾಗದಂತೆ ಅಡ್ಡ ಮಲಗಿಸಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ, ಲೋಟ ಪೂರ್ತಿ ಮುಳುಗುವಂತೆ ಹಾಕಿ. ಕಾಕು ಅವರ ಲೋಟಗಳಿಗೆ ನಾಲ್ಕು ಲೀಟರ್ ನೀರು, ನಾಲ್ಕು ಚಮಚ ಬೇಕಾಯಿತು. ಕುದಿಯುವ ನೀರು ಬೇಡ. ಲೋಟ ಸೀಳಬಹುದು, ಜೊತೆಗೆ ನೀರು ಬಿಸಿ ಹೆಚ್ಚಾದಷ್ಟೂ ಸುಣ್ಣ ನಿಂಬೆ ಉಪ್ಪಿನ ಜೊತೆ ಸೇರಿ ಬೇರೊಂದು ಬಿಳಿ ಪುಡಿಯಾಗಿ ಕೂರುವ ಸಾಧ್ಯತೆಯೂ ಹೆಚ್ಚು.

ಇಪ್ಪತ್ತು ನಿಮಿಷ ಬಿಡಿ. ಹತ್ತಿರದಿಂದ ನೋಡಿದರೆ ಅಂಚಿನ ಬಿಳಿ ಉಂಗುರದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿರುತ್ತವೆ. ಸುಣ್ಣ ಕರಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಪದರ ತೆಳ್ಳಗಿದ್ದರೆ ಗುಳ್ಳೆ ಕಾಣದೆಯೂ ಇರಬಹುದು. ಹೊರಗೆ ತೆಗೆದು ಮೆತ್ತನೆ ಬಟ್ಟೆಯಿಂದ ಒಳಗೂ ಹೊರಗೂ ಉಜ್ಜಿ. ನಾಲ್ಕು ಲೋಟ ಮೊದಲ ಸಲಕ್ಕೇ ತಿಳಿಯಾದವು. ಐದನೆಯದರ ತಳದ ಮೂಲೆಯಲ್ಲಿ, ಬೆರಳು ಹೋಗದ ಕಡೆ, ಗಟ್ಟಿ ಕಲೆ ಉಳಿಯಿತು. ಅದನ್ನು ಹೊಸ ಹುಳಿ ನೀರಲ್ಲಿ ಇನ್ನೊಂದು ಅರ್ಧ ಗಂಟೆ ಬಿಟ್ಟೆವು. ಆಮೇಲೆ ಚೆನ್ನಾಗಿ ತೊಳೆದು, ಉಳಿದ ಚುಕ್ಕೆಗೆ ಅಡುಗೆ ಸೋಡಾವನ್ನು ಹನಿ ನೀರಲ್ಲಿ ಕಲಸಿ ಬಟ್ಟೆಯಿಂದ ಹಗುರಕ್ಕೆ ಉಜ್ಜಿದೆವು. ಸೋಡಾ ಗಾಜಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಆದರೆ ಸೋಡಾ ಮತ್ತು ಹುಳಿ ಎರಡನ್ನೂ ಒಟ್ಟಿಗೆ ಹಾಕಬೇಡಿ. ಬುರುಬುರು ನೊರೆ ಬರುತ್ತದೆ ನಿಜ, ಆದರೆ ಒಂದು ಇನ್ನೊಂದರ ಶಕ್ತಿ ತಿಂದು ಕೊನೆಗೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಅಂಚಿಗೆ ಬಂಗಾರದ ಗೆರೆಯೋ ಬಣ್ಣದ ಚಿತ್ರವೋ ಇರುವ ಲೋಟವನ್ನು ಹೀಗೆ ನೆನೆ ಹಾಕಬೇಡಿ, ಗೆರೆ ಎದ್ದು ಹೋಗುತ್ತದೆ. ಅದಕ್ಕೆ ಬಟ್ಟೆಯ ತುದಿಯನ್ನು ಹುಳಿ ನೀರಲ್ಲಿ ಅದ್ದಿ ಬರೀ ಗಾಜಿನ ಭಾಗಕ್ಕೆ ಒತ್ತಿ ಹಿಡಿಯಿರಿ. ಬೇಗ ಆಗಲಿ ಅಂತ ಬಚ್ಚಲು ತೊಳೆಯುವ ಆ್ಯಸಿಡ್ ಹಾಕುವವರಿದ್ದಾರೆ. ಕುಡಿಯುವ ಲೋಟಕ್ಕೆ ದಯವಿಟ್ಟು ಅದು ಬೇಡ. ಬ್ಲೀಚಿಂಗ್ ಪುಡಿ ಮತ್ತು ಹುಳಿಯನ್ನಂತೂ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಈಗ ಆ ಆರನೆಯ ಲೋಟ. ಅದನ್ನು ಕಾಕು ಮೊದಲೇ ಒಂದು ತಿಂಗಳು ಬೂದಿ ಹಾಕಿ, ಹಸಿರು ಸ್ಕ್ರಬ್ಬರ್‌ನಿಂದ ತಿಕ್ಕಿದ್ದರು. ಬೂದಿಯಲ್ಲಿ ಸಣ್ಣ ಮರಳಿನ ಕಣ ಇರುತ್ತದೆ, ಹಸಿರು ಸ್ಕ್ರಬ್ಬರ್‌ನಲ್ಲೂ ಗೀರುವ ಪುಡಿ ಅಂಟಿಸಿರುತ್ತಾರೆ. ಹಿತ್ತಾಳೆ ಕೊಡಕ್ಕೆ ಬೂದಿ ಸರಿ, ಗಾಜಿಗೆ ಅಲ್ಲ. ಬೆಳಕಿಗೆ ಹಿಡಿದಾಗ ಕೂದಲೆಳೆಯಂಥ ಗೀರುಗಳು ಸುತ್ತು ಸುತ್ತಾಗಿ ಕಂಡವು, ಕಾಕು ಕೈ ಆಡಿಸಿದ ರೀತಿಯಲ್ಲೇ. ಅದನ್ನು ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ. ಕಾಕು ಅದನ್ನು ಚಮಚ ಇಡಲು ಇಟ್ಟುಕೊಂಡರು.

ಹೊಳಪು ಉಳಿಯಬೇಕಾದರೆ ಕೊನೆಯ ನೀರು ಮತ್ತು ಒರೆಸುವುದು, ಎರಡನ್ನೂ ನೋಡಿಕೊಳ್ಳಬೇಕು. ಬೋರ್ ನೀರಲ್ಲಿ ತೊಳೆದ ಮೇಲೆ ಒಂದು ತಂಬಿಗೆ ಆರ್‌ಒ ಫಿಲ್ಟರ್ ನೀರಲ್ಲಿ ಅದ್ದಿ ತೆಗೆದರೆ ಸಾಕು. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಪಾತ್ರೆ ತೊಳೆಯಲು ಹಿಡಿದಿಡುವವರು ಬಹಳ ಜನ ಇದ್ದಾರೆ. ಅದರಲ್ಲಿ ಬೋರ್ ನೀರಿಗಿಂತ ಜಾಸ್ತಿ ಉಪ್ಪು ಸುಣ್ಣ ಇರುತ್ತದೆ, ಗಾಜಿಗೆ ಮುಟ್ಟಿಸಬೇಡಿ, ನೆಲ ಒರೆಸಲು ಬಳಸಿ. ತೊಳೆದ ಲೋಟವನ್ನು ನೀರು ಆರುವ ಮೊದಲೇ ಹಳೆಯ ಧೋತರದಂಥ, ನೂಲು ಬಿಡದ ಹತ್ತಿ ಬಟ್ಟೆಯಿಂದ ಒರೆಸಿ. ಕೊನೆಗೆ ಅಂಚನ್ನು ಎರಡು ಬೆರಳ ನಡುವೆ ಬಟ್ಟೆ ಹಿಡಿದು ಒಂದು ಸುತ್ತು ತಿರುಗಿಸಿ, ಬಿಳಿ ಉಂಗುರ ಶುರುವಾಗುವುದೇ ಅಲ್ಲಿಂದ.