ಹತ್ತು ಸಾವಿರ, ಮೂರು ವರ್ಷ, ಮೂರು ಉತ್ತರ

ಎಂಟನೇ ತರಗತಿಯಲ್ಲಿರುವ ಅಕ್ಕನ ಮಗ ಹೋದ ವಾರ ಒಂದು ಹಳೇ ಎಫ್‌ಡಿ ರಸೀದಿ ಹಿಡಿದುಕೊಂಡು ಬಂದ. ಅವನ ಅಜ್ಜಿಯ ಹೆಸರಿನದು. ಇಟ್ಟ ಹಣ 10,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ 8, ಅವಧಿ ಮೂರು ವರ್ಷ. ಕೊನೆಯಲ್ಲಿ ಕೈಗೆ ಬರುವ ಹಣ 12,682 ರೂಪಾಯಿ ಎಂದು ಅದರಲ್ಲಿ ಅಚ್ಚಾಗಿತ್ತು.

‘ಮಾವ, ಬ್ಯಾಂಕಿನವರು ಲೆಕ್ಕ ತಪ್ಪು ಮಾಡಿದ್ದಾರೆ’ ಅಂದ. ಸರಳ ಬಡ್ಡಿ ಸೂತ್ರ ಹಾಕಿದರೆ ಅವನಿಗೆ 12,400 ಬರುತ್ತಿತ್ತು. ಚಕ್ರಬಡ್ಡಿ ಸೂತ್ರ ಹಾಕಿದರೆ 12,597. ಎರಡೂ ರಸೀದಿಗೆ ಹೊಂದುತ್ತಿರಲಿಲ್ಲ.

ಅವನ ಎರಡು ಲೆಕ್ಕವೂ ಸರಿ. ಬ್ಯಾಂಕಿನದೂ ಸರಿ. ಹೇಗೆ ಅಂತ ನೋಡಲು ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಮೊದಲು ಸರಳ ಬಡ್ಡಿ

ಇಟ್ಟ ಹಣಕ್ಕೆ ಅಸಲು ಎನ್ನುತ್ತೇವೆ. ಶೇ 8 ಅಂದರೆ ನೂರು ರೂಪಾಯಿಗೆ ವರ್ಷಕ್ಕೆ 8 ರೂಪಾಯಿ. ಹತ್ತು ಸಾವಿರದಲ್ಲಿ ನೂರು ನೂರರ ಕಟ್ಟು ಎಷ್ಟಿವೆ? ನೂರು. ಒಂದೊಂದು ಕಟ್ಟಿಗೂ 8 ರೂಪಾಯಿ ಅಂದರೆ ವರ್ಷಕ್ಕೆ 800 ರೂಪಾಯಿ ಬಡ್ಡಿ.

ಸರಳ ಬಡ್ಡಿಯಲ್ಲಿ ಒಂದೇ ನಿಯಮ. ಎಷ್ಟು ವರ್ಷವಾದರೂ ಬಡ್ಡಿ ಲೆಕ್ಕ ಹಾಕುವುದು ಮೊದಲು ಇಟ್ಟ ಅಸಲಿನ ಮೇಲೆ ಮಾತ್ರ. ಹಾಗಾಗಿ ಮೊದಲ ವರ್ಷ 800, ಎರಡನೇ ವರ್ಷ 800, ಮೂರನೇ ವರ್ಷವೂ 800. ಒಟ್ಟು ಬಡ್ಡಿ 2,400. ಅಸಲು ಸೇರಿಸಿದರೆ 12,400.

ಪುಸ್ತಕದಲ್ಲಿರುವ ಸೂತ್ರ ಹೇಳುವುದೂ ಇದನ್ನೇ:

```
I = P × T × R / 100
I = 10000 × 3 × 8 / 100 = 2400
```

ಇಲ್ಲಿ P ಅಸಲು, T ವರ್ಷಗಳು, R ಬಡ್ಡಿ ದರ, I ಬಡ್ಡಿ. ಉತ್ತರ 2,400 ಎಂಬುದು ಬಡ್ಡಿ ಮಾತ್ರ ಎನ್ನುವುದು ನೆನಪಿರಲಿ. ಪ್ರಶ್ನೆಯಲ್ಲಿ ‘ಮೊತ್ತ ಎಷ್ಟು’ ಅಂತ ಕೇಳಿದ್ದರೆ ಅಸಲು ಕೂಡಿಸಬೇಕು.

ಈಗ ಚಕ್ರಬಡ್ಡಿ

ಇಲ್ಲಿ ನಿಯಮ ಬೇರೆ. ವರ್ಷ ಮುಗಿದಾಗ ಬಂದ ಬಡ್ಡಿಯನ್ನು ಅಸಲಿಗೇ ಸೇರಿಸಿಬಿಡುತ್ತಾರೆ. ಮುಂದಿನ ವರ್ಷಕ್ಕೆ ಅದೇ ಹೊಸ ಅಸಲು. ಹಳ್ಳಿ ಕಡೆ ಇದಕ್ಕೆ ‘ಬಡ್ಡಿಗೆ ಬಡ್ಡಿ’ ಎನ್ನುತ್ತಾರೆ. ಸೂತ್ರಕ್ಕಿಂತ ಈ ಎರಡು ಪದ ಚೆನ್ನಾಗಿ ವಿವರಿಸುತ್ತವೆ ಎಂದು ನನಗೆ ಅನಿಸುತ್ತದೆ.

ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಒಂದೊಂದೇ ವರ್ಷ ತುಂಬುತ್ತಾ ಹೋಗಿ.

ಮೊದಲ ವರ್ಷ ಏನೂ ಬದಲಾಗುವುದಿಲ್ಲ. 10,000ಕ್ಕೆ 800 ಬಡ್ಡಿ. ಆದರೆ ವರ್ಷದ ಕೊನೆಗೆ ಖಾತೆಯಲ್ಲಿರುವುದು 10,800.

ಎರಡನೇ ವರ್ಷ ಈ 10,800ರ ಮೇಲೆ ಶೇ 8. ಕಡೆಯ ಎರಡು ಸೊನ್ನೆ ತೆಗೆದರೆ 108, ಅದನ್ನು 8ರಿಂದ ಗುಣಿಸಿದರೆ 864. ಈಗ ಖಾತೆಯಲ್ಲಿ 11,664.

ಮೂರನೇ ವರ್ಷ 11,664ರ ಮೇಲೆ. ನೂರರಿಂದ ಭಾಗಿಸಿದರೆ 116.64, ಅದರ ಎಂಟು ಪಟ್ಟು 933.12. ಇಲ್ಲಿ ಪೈಸೆ ಬಂತು ಅಂತ ಗಾಬರಿ ಬೇಡ, ಹಾಗೆಯೇ ಬರೆಯಿರಿ. ನಡುವೆ ಪೈಸೆ ಬಿಟ್ಟುಬಿಟ್ಟರೆ ಮುಂದಿನ ವರ್ಷದ ಲೆಕ್ಕವೂ ಸ್ವಲ್ಪ ಸ್ವಲ್ಪ ತಪ್ಪುತ್ತದೆ.

| ವರ್ಷ | ಆರಂಭದ ಹಣ | ಆ ವರ್ಷದ ಬಡ್ಡಿ | ಕೊನೆಯ ಹಣ |
|---|---|---|---|
| 1 | 10,000 | 800 | 10,800 |
| 2 | 10,800 | 864 | 11,664 |
| 3 | 11,664 | 933.12 | 12,597.12 |

ಒಟ್ಟು ಬಡ್ಡಿ 2,597.12. ಸರಳ ಬಡ್ಡಿಗಿಂತ 197.12 ಜಾಸ್ತಿ.

ಆ 197 ರೂಪಾಯಿ 12 ಪೈಸೆ ಎಲ್ಲಿಂದ ಬಂತು?

ಮಕ್ಕಳು ಸಾಮಾನ್ಯವಾಗಿ ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ನಮ್ಮ ಹುಡುಗನೂ ಇಟ್ಟ. ಆದರೆ ಚಕ್ರಬಡ್ಡಿ ನಿಜವಾಗಿ ಅರ್ಥವಾಗುವುದು ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದಾಗಲೇ. ಹಾಗಾಗಿ ಒಂದೊಂದು ಪೈಸೆಯನ್ನೂ ಹಿಡಿಯೋಣ.

ಎರಡನೇ ವರ್ಷದ 864 ರೂಪಾಯಿಯನ್ನು ಬಿಡಿಸಿ ನೋಡಿ. ಅದರಲ್ಲಿ 800 ನಮ್ಮ ಹಳೇ ಅಸಲು ದುಡಿದದ್ದು. ಉಳಿದ 64? ಮೊದಲ ವರ್ಷ ಬಂದ 800 ರೂಪಾಯಿ ಬಡ್ಡಿ ಖಾತೆಯಲ್ಲೇ ಕೂತಿತ್ತಲ್ವಾ, ಅದರ ಮೇಲೆ ಶೇ 8. ಎಂಟು ಎಂಟ್ಲಿ ಅರವತ್ನಾಲ್ಕು.

ಮೂರನೇ ವರ್ಷದ 933.12ರಲ್ಲೂ 800 ಅಸಲಿನದು. ಉಳಿದದ್ದು 133.12. ಮೊದಲ ವರ್ಷದ 800 ಮತ್ತೊಮ್ಮೆ 64 ತಂದಿತು. ಎರಡನೇ ವರ್ಷ ಅಸಲು ತಂದ 800 ಈಗ ಮೊದಲ ಸಲ 64 ತಂದಿತು. ಅಲ್ಲಿಗೆ 128. ಇನ್ನೂ 5 ರೂಪಾಯಿ 12 ಪೈಸೆ ಉಳಿಯಿತು. ಅದು ಎರಡನೇ ವರ್ಷ ಬಡ್ಡಿಯಾಗಿ ಬಂದಿದ್ದ ಆ 64 ರೂಪಾಯಿಯ ಮೇಲಿನ ಬಡ್ಡಿ. ಅಂದರೆ ಬಡ್ಡಿಯ ಬಡ್ಡಿಗೆ ಬಡ್ಡಿ. ಅಸಲನ್ನು ಅಜ್ಜಿ ಅಂದುಕೊಂಡರೆ, ಇದು ಮರಿಮಗ!

ಈಗ ಕೂಡಿಸಿ: 64 + 128 + 5.12. ಸರಿಯಾಗಿ 197.12.

ಮೂರು ವರ್ಷಕ್ಕೆ ಈ ಮರಿಮಗನ ಪಾಲು ಬರೀ ಐದು ರೂಪಾಯಿ. ಅವಧಿ ಉದ್ದವಾದಂತೆ ಈ ಸಣ್ಣ ತುಂಡುಗಳೇ ದೊಡ್ಡದಾಗುತ್ತವೆ. ಇದೇ ಹತ್ತು ಸಾವಿರವನ್ನು ಒಂಬತ್ತು ವರ್ಷ ಬಿಟ್ಟರೆ ಸರಳ ಬಡ್ಡಿಯಲ್ಲಿ 17,200 ಆಗುತ್ತದೆ. ಚಕ್ರಬಡ್ಡಿಯಲ್ಲಿ ಹೆಚ್ಚುಕಡಿಮೆ 19,990, ಅಂದರೆ ದುಪ್ಪಟ್ಟಿಗೆ ಹತ್ತು ರೂಪಾಯಿ ಕಡಿಮೆ.

ಸೂತ್ರ ಎಲ್ಲಿಂದ ಹುಟ್ಟಿತು

ಪ್ರತಿ ವರ್ಷ ನಾವು ಮಾಡಿದ್ದು ಒಂದೇ ಕೆಲಸ. ಇದ್ದ ಹಣಕ್ಕೆ ಅದರದೇ ಶೇ 8 ಸೇರಿಸಿದೆವು. ಅಂದರೆ 100 ಇದ್ದದ್ದು 108 ಆಯಿತು. ಇದು 1.08ರಿಂದ ಗುಣಿಸಿದ ಹಾಗೆಯೇ. ಮೂರು ವರ್ಷವಾದರೆ ಮೂರು ಸಲ ಗುಣಿಸಬೇಕು, ಅಷ್ಟೇ.

```
A = P (1 + R/100)^n
A = 10000 × 1.08 × 1.08 × 1.08 = 12597.12
```

A ಎಂದರೆ ಅಸಲು ಮತ್ತು ಬಡ್ಡಿ ಸೇರಿದ ಮೊತ್ತ, n ಎಂದರೆ ಎಷ್ಟು ಸಲ ಗುಣಿಸಬೇಕು ಎಂಬುದು. ಸರಳ ಬಡ್ಡಿ ಸೂತ್ರ ಬಡ್ಡಿಯನ್ನು ಕೊಡುತ್ತದೆ, ಚಕ್ರಬಡ್ಡಿ ಸೂತ್ರ ಮೊತ್ತವನ್ನು ಕೊಡುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ‘ಚಕ್ರಬಡ್ಡಿ ಕಂಡುಹಿಡಿಯಿರಿ’ ಎಂದಿದ್ದರೆ ಕೊನೆಯಲ್ಲಿ ಅಸಲನ್ನು ಕಳೆಯಲೇಬೇಕು.

ಉತ್ತರ ಸರಿಯಿದೆಯೇ ಎಂದು ನೋಡಲು ಒಂದು ದಾರಿ ಇದೆ. ಪಟ್ಟಿಯಲ್ಲಿ ಯಾವುದೇ ವರ್ಷದ ಬಡ್ಡಿಯನ್ನು ಹಿಂದಿನ ವರ್ಷದ ಬಡ್ಡಿಯಿಂದ ಭಾಗಿಸಿ. 864 ಭಾಗಿಸು 800 ಮಾಡಿದರೆ 1.08. 933.12 ಭಾಗಿಸು 864 ಮಾಡಿದರೂ 1.08. ಬೇರೆ ಸಂಖ್ಯೆ ಬಂದರೆ ಆ ಸಾಲಿನಲ್ಲಿ ಎಲ್ಲೋ ಎಡವಿದ್ದೀರಿ.

ಹಾಗಾದರೆ ರಸೀದಿಯ 12,682?

ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಉತ್ತರ ಇತ್ತು. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಲಾಗುತ್ತದೆ. ನಮ್ಮ ದೇಶದ ಬ್ಯಾಂಕುಗಳಲ್ಲಿ ಬಡ್ಡಿ ಬೆಳೆಯಲು ಬಿಡುವ ಎಫ್‌ಡಿಗೆ ಇದೇ ರೂಢಿ. ಹುಡುಗ ವರ್ಷಕ್ಕೊಮ್ಮೆ ಸೇರಿಸಿದ್ದ.

ವರ್ಷಕ್ಕೆ ಶೇ 8 ಅಂದರೆ ಮೂರು ತಿಂಗಳಿಗೆ ಅದರ ಕಾಲು ಭಾಗ, ಶೇ 2. ಮೂರು ವರ್ಷದಲ್ಲಿ ಇಂಥ ಹನ್ನೆರಡು ಕಂತು. ಮೊದಲ ವರ್ಷ ಹೀಗೆ ನಡೆಯುತ್ತದೆ: 10,000 ಇದ್ದದ್ದು 10,200 ಆಗುತ್ತದೆ, ಆಮೇಲೆ 10,404, ಆಮೇಲೆ 10,612.08, ವರ್ಷದ ಕೊನೆಗೆ 10,824.32. ವರ್ಷಕ್ಕೊಮ್ಮೆ ಸೇರಿಸಿದ್ದರೆ 10,800 ಇರುತ್ತಿತ್ತು. ಬಡ್ಡಿ ಬೇಗ ಬೇಗ ಅಸಲಿಗೆ ಸೇರಿದ್ದಕ್ಕೆ ಮೊದಲ ವರ್ಷವೇ 24 ರೂಪಾಯಿ ಜಾಸ್ತಿ.

```
A = 10000 × (1.02)^12 = 12682.42
```

ದರವನ್ನು ನಾಲ್ಕರಿಂದ ಭಾಗಿಸಿದರೆ ಸಲವನ್ನು ನಾಲ್ಕರಿಂದ ಗುಣಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ ಲೆಕ್ಕ ಕೆಡುತ್ತದೆ. ನಮ್ಮವನು ಮೊದಲ ಸಲ 1.02ನ್ನು ಮೂರೇ ಸಲ ಗುಣಿಸಿ 10,612 ತಂದ. ‘ಮೂರು ವರ್ಷಕ್ಕೆ ಆರುನೂರೇನಾ? ಸರಳ ಬಡ್ಡಿಗಿಂತಲೂ ಕಡಿಮೆ ಆಯ್ತಲ್ಲೋ’ ಅಂದೆ. ತಕ್ಷಣ ಹೊಳೆಯಿತು. ಮೊದಲ ಕಂತು ದಾಟಿದ ಮೇಲೆ ಅದೇ ದರದಲ್ಲಿ ಚಕ್ರಬಡ್ಡಿ ಸರಳ ಬಡ್ಡಿಗಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ. ಅಜ್ಜಿ ಔಷಧಿ ಖರ್ಚಿಗೆಂದು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ತೆಗೆದುಕೊಳ್ಳುತ್ತಿದ್ದರೆ? ಪ್ರತಿ ಸಲ 200 ರೂಪಾಯಿ, ಹನ್ನೆರಡು ಸಲಕ್ಕೆ 2,400. ಸರಳ ಬಡ್ಡಿಯ ಲೆಕ್ಕ ವಾಪಸ್ ಬಂತು. ಬಡ್ಡಿ ಖಾತೆಯಲ್ಲಿ ಉಳಿಯಲಿಲ್ಲ, ಹಾಗಾಗಿ ಅದಕ್ಕೆ ಮರಿ ಹಾಕಲು ಆಗಲಿಲ್ಲ.

ದರ ತಿಂಗಳಿಗೋ ವರ್ಷಕ್ಕೋ?

ಶಾಲೆಯ ಲೆಕ್ಕದಲ್ಲಿ ದರ ಹೆಚ್ಚಾಗಿ ವರ್ಷದ್ದೇ ಇರುತ್ತದೆ. ಊರಿನ ಕೈಸಾಲದಲ್ಲಿ ಹಾಗಲ್ಲ. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂದು ಯಾರಾದರೂ ಹೇಳಿದರೆ ಅದು ಸಾಮಾನ್ಯವಾಗಿ ತಿಂಗಳಿಗೆ. ಕೇಳಲು ಬರೀ ಎರಡು. ವರ್ಷಕ್ಕೆ ಶೇ 24.

ಹತ್ತು ಸಾವಿರಕ್ಕೆ ಇದನ್ನು ಹಾಕಿ ನೋಡು ಅಂತ ಹುಡುಗನಿಗೆ ಹೇಳಿದೆ. ತಿಂಗಳಿಗೆ 200, ವರ್ಷಕ್ಕೆ 2,400. ಬರೆದವನು ಹಾಳೆಯ ಮೇಲ್ಭಾಗಕ್ಕೆ ಹೋಗಿ ನೋಡಿದ. ನಾವು ಮೂರು ವರ್ಷಕ್ಕೆ ಲೆಕ್ಕ ಹಾಕಿದ್ದ ಸರಳ ಬಡ್ಡಿಯೂ 2,400. ‘ಮಾವ, ಇಲ್ಲಿ ಒಂದೇ ವರ್ಷಕ್ಕೆ ಅಷ್ಟಾಯ್ತು’ ಎಂದು ಎರಡಕ್ಕೂ ಸುತ್ತು ಹಾಕಿದ. ಆಮೇಲೆ, ಈ ಸಾಲಕ್ಕೆ ತಿಂಗಳು ತಿಂಗಳು ಬಡ್ಡಿಗೆ ಬಡ್ಡಿ ಸೇರಿದರೆ ಏನಾಗುತ್ತದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ 1.02ನ್ನು ಮತ್ತೆ ಗುಣಿಸಲು ಕೂತ. ಹನ್ನೆರಡನೇ ಸಲಕ್ಕೆ 12,682.42 ಬಂತು. ಅಜ್ಜಿಯ ರಸೀದಿಯಲ್ಲಿ ಮೂರು ವರ್ಷಕ್ಕೆ ಇದ್ದ ಅದೇ ಸಂಖ್ಯೆ, ಇಲ್ಲಿ ಹನ್ನೆರಡು ತಿಂಗಳಿಗೆ.