ಟೀ ಶರ್ಟ್ ಮೇಲಿನ ಅಕ್ಷರ ಅಳಿಸಿ, ಮಡಿಕೆ ಉಳಿಸಿಕೊಂಡ ಬಗೆ

ನಮ್ಮ ಸ್ಟುಡಿಯೋಗೆ ಇಂಥ ಕೆಲಸ ಆಗಾಗ ಬರುತ್ತದೆ. ತೀರಿಕೊಂಡವರ ಒಳ್ಳೆಯ ಫೋಟೋ ಅಂತ ಮನೆಯವರ ಹತ್ತಿರ ಇರುವುದು ಒಂದೇ. ಅದರಲ್ಲಿ ಅವರು ತೊಟ್ಟಿರುವುದು ಯಾವುದೋ ಕಂಪನಿ ಹಂಚಿದ ಟೀ ಶರ್ಟ್. ಗೋಡೆಗೆ ಹಾಕುವ ಫೋಟೋದಲ್ಲಿ ಆ ಹೆಸರು ಬೇಡ ಅನ್ನುತ್ತಾರೆ. ಈಚೆಗೆ ಬಂದಿದ್ದು ಕಡುನೀಲಿ ಶರ್ಟ್, ಎದೆ ಮೇಲೆ ದಪ್ಪ ಬಿಳಿ ಅಕ್ಷರ, ಅದರ ನಡುವೆ ಓರೆಯಾಗಿ ಒಂದು ಮಡಿಕೆ.

ಇಲ್ಲಿ ಫೋಟೋಶಾಪ್‌ನ ಕಂಟೆಂಟ್ ಅವೇರ್ ಫಿಲ್ ಹಾಕಿದರೆ ಮಡಿಕೆ ತುಂಡಾಗುತ್ತದೆ, ಇಲ್ಲವೇ ಪಕ್ಕದ ಮಡಿಕೆ ಮತ್ತೊಮ್ಮೆ ಬಂದು ಕೂರುತ್ತದೆ. ಅಕ್ಷರವನ್ನು ಮುಚ್ಚುವುದಕ್ಕಿಂತ ಅದರ ಬಣ್ಣ ಬದಲಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಮಡಿಕೆಯ ನೆರಳು ಬಿಳಿ ಇಂಕಿನ ಮೇಲೂ ಬಿದ್ದಿರುತ್ತದೆ. ಅದನ್ನು ಸುಮ್ನೆ ಕಳೆದುಕೊಳ್ಳುವುದು ಯಾಕೆ?

ಫೋಟೋಶಾಪ್‌ನಲ್ಲಿ ಕಲರ್ ರೇಂಜ್‌ನಿಂದ ಬಿಳಿ ಅಕ್ಷರಗಳನ್ನು ಆರಿಸಿಕೊಂಡೆ. ಆಯ್ಕೆಯನ್ನು ಒಂದು ಪಿಕ್ಸೆಲ್ ಹಿಗ್ಗಿಸಿ, ಅದರ ಮೇಲೆ ಕರ್ವ್ಸ್ ಲೇಯರ್ ಹಾಕಿದೆ. ನಂತರ ಐಡ್ರಾಪರ್‌ನಿಂದ ಅಳೆದು ನೋಡಿದೆ. ಬೆಳಕು ಬಿದ್ದ ಕಡೆ ಇಂಕಿನ ಕೆಂಪು ಅಂಕಿ 225, ಅದರ ಪಕ್ಕದ ಬಟ್ಟೆಯದು 40. ಮಡಿಕೆಯ ನೆರಳಿನಲ್ಲಿ ಇಂಕು 110, ಬಟ್ಟೆ 18. ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಕರ್ವ್‌ನ ಎರಡು ತುದಿಯ ಬಿಂದುಗಳನ್ನೇ ಸರಿಸಿ ಇಟ್ಟೆ: 225 ಇದ್ದದ್ದು 40 ಆಗಲಿ, 110 ಇದ್ದದ್ದು 18 ಆಗಲಿ. ಹಸಿರು, ನೀಲಿ ಚಾನೆಲ್‌ಗೂ ಹೀಗೇ ಅಳೆದು ಇಟ್ಟೆ. ಅಕ್ಷರ ಬಟ್ಟೆಯ ಬಣ್ಣಕ್ಕೆ ತಿರುಗಿತು, ಮಡಿಕೆ ಮಾತ್ರ ಅಲುಗಲಿಲ್ಲ.

ಅಕ್ಷರದ ಅಂಚಿನಲ್ಲಿ ತೆಳು ಗೆರೆ ಉಳಿದೇ ಉಳಿಯುತ್ತದೆ. ಮೇಲೊಂದು ಖಾಲಿ ಲೇಯರ್ ತೆಗೆದು, ಕ್ಲೋನ್ ಸ್ಟ್ಯಾಂಪ್‌ನ ಸ್ಯಾಂಪಲ್ ಅನ್ನು `Current & Below` ಇಟ್ಟು, ಸಣ್ಣ ಬ್ರಷ್‌ನಿಂದ ಗೆರೆಯುದ್ದಕ್ಕೂ ಒರೆಸಿದೆ. ಹೀಲಿಂಗ್ ಬ್ರಷ್ ಇಲ್ಲಿ ಬೇಡ. ಅದು ಸುತ್ತಲಿನ ಬಣ್ಣಕ್ಕೆ ಹೊಂದಿಸಲು ಹೋಗಿ, ಅಳಿಯದೆ ಉಳಿದ ಗೆರೆಯನ್ನೇ ಒಳಕ್ಕೆ ಎಳೆದು ಮಬ್ಬು ಮಾಡುತ್ತದೆ.

ಈಗ ಬಣ್ಣ ಸರಿ, ಆದರೆ ಆ ಜಾಗ ಪ್ಲಾಸ್ಟಿಕ್ ಥರ ನುಣುಪು. ದಪ್ಪ ಇಂಕಿನ ಕೆಳಗೆ ಹೆಣಿಗೆ ಮುಚ್ಚಿಹೋಗಿರುತ್ತದಲ್ವಾ? ಭುಜದ ಹತ್ತಿರದ ಮಡಿಕೆಯಿಲ್ಲದ ಬಟ್ಟೆಯನ್ನು ಕಾಪಿ ಮಾಡಿ, ಬಣ್ಣ ತೆಗೆದು, ಹೈ ಪಾಸ್ ಫಿಲ್ಟರ್ 3 ಪಿಕ್ಸೆಲ್ ಕೊಟ್ಟೆ. ಆಗ ಬೆಳಕು ನೆರಳು ಹೋಗಿ ಬರೀ ನೂಲಿನ ಸಾಲು ಉಳಿಯುತ್ತದೆ. ಅದನ್ನು ಲೀನಿಯರ್ ಲೈಟ್‌ನಲ್ಲಿ ಅಕ್ಷರವಿದ್ದ ಜಾಗದ ಮೇಲಿಟ್ಟು, ಪಕ್ಕದ ಬಟ್ಟೆಗೆ ಹೊಂದುವಷ್ಟು ಒಪಾಸಿಟಿ ಇಳಿಸಿದೆ. ಟೀ ಶರ್ಟ್‌ನ ಹೆಣಿಗೆ ಸಾಲು ಮೇಲಿಂದ ಕೆಳಕ್ಕೆ ಓಡುತ್ತದೆ, ಮಡಿಕೆ ಬಂದಲ್ಲಿ ಬಾಗುತ್ತದೆ. ಅಲ್ಲಿ ವಾರ್ಪ್‌ನಿಂದ ಬಾಗಿಸಲೇಬೇಕು. ನೇರವಾಗಿ ಬಿಟ್ಟರೆ ತೇಪೆ ಹಚ್ಚಿದ್ದು ಗೊತ್ತಾಗುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಫೋಟೋ ಆದರೆ ಸಾಮಾನ್ಯವಾಗಿ ಹೆಣಿಗೆ ಎಲ್ಲೂ ಉಳಿದಿರುವುದಿಲ್ಲ. ಅಲ್ಲಿ ಸ್ವಲ್ಪ ನಾಯ್ಸ್ ಸಾಕು. ಫ್ಲ್ಯಾಶ್ ಜಾಸ್ತಿಯಾಗಿ ಅಕ್ಷರ ಪೂರ್ತಿ 255 ಆಗಿದ್ದರೆ ಕರ್ವ್ಸ್ ಉಪಯೋಗಕ್ಕೆ ಬರುವುದಿಲ್ಲ, ಇಂಕಿನಲ್ಲಿ ನೆರಳೇ ಉಳಿದಿರುವುದಿಲ್ಲ. ಆಗ ಅಕ್ಷರಕ್ಕೆ ಬಟ್ಟೆಯ ಬಣ್ಣ ತುಂಬಿ, ಅದರ ಮೇಲೆ 50% ಬೂದು ಲೇಯರನ್ನು ಸಾಫ್ಟ್ ಲೈಟ್‌ನಲ್ಲಿಟ್ಟು, ಅಕ್ಷರದ ಎರಡೂ ಕಡೆ ಕಾಣುವ ಮಡಿಕೆಯನ್ನು ಡಾಡ್ಜ್, ಬರ್ನ್‌ನಿಂದ ಕೈಯಲ್ಲೇ ಜೋಡಿಸುತ್ತೇನೆ.

ಪ್ರಿಂಟ್‌ಗೆ ಕೊಡುವ ಮುಂಚೆ ಎಲ್ಲದರ ಮೇಲೆ ಕಡಿದಾದ ಕರ್ವ್ಸ್ ಒಂದನ್ನು ತಾತ್ಕಾಲಿಕವಾಗಿ ಹಾಕಿ, ಕಡುನೀಲಿ ತಿಳಿಯಾಗುವಷ್ಟು ಎತ್ತಿ ನೋಡುತ್ತೇನೆ. ಅಳಿಸಿದ ಅಕ್ಷರ ಅಲ್ಲಿ ಓದಲು ಬಂದರೆ ಪ್ರಿಂಟ್‌ನಲ್ಲೂ ಕಾಣಬಹುದು. ಆಗ ಬಟ್ಟೆಗೆ ಹೊಂದದ ಚಾನೆಲ್‌ನ ಬಿಂದುವನ್ನು ಒಂದೆರಡು ಅಂಕಿ ಸರಿಸುತ್ತೇನೆ.