25 ಅಂತ ಬರೆದು 22ಕ್ಕೆ ನಿಂತ ಕಥೆ: ದಾನಿಗೆ ರಸೀದಿ, ಥ್ಯಾಂಕ್ಸ್ ಬರೆಯುವುದು ಹೇಗೆ?

ಡೊಂಬಿವಲಿಯ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ನಾನೇ ಖಜಾಂಚಿ. ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ನೋಟ್‌ಬುಕ್ ಸೆಟ್ ಕೊಡುತ್ತೇವೆ. 2024ರಲ್ಲಿ ಹೋಟೆಲ್ ನಡೆಸುವ ಹಿರಿಯರೊಬ್ಬರು ₹15,000 ಕಳಿಸಿದರು. ಒಂದು ಸೆಟ್‌ಗೆ ₹600 ಅಂತ ನನ್ನ ತಲೆಯಲ್ಲಿತ್ತು. ಮನಸ್ಸಿನಲ್ಲೇ ಭಾಗಿಸಿ, "ನಿಮ್ಮ ಹಣದಿಂದ 25 ಮಕ್ಕಳಿಗೆ ಪುಸ್ತಕ" ಎಂದು ವಾಟ್ಸಾಪ್ ಮಾಡಿಬಿಟ್ಟೆ.

ಮುಂಬೈನ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನ ಹೋಲ್‌ಸೇಲ್ ಅಂಗಡಿಗೆ ಹೋದಾಗ ಒಂದೊಂದು ನೋಟ್‌ಬುಕ್‌ಗೆ ₹3 ಏರಿತ್ತು. ಸೆಟ್‌ಗೆ 12 ಪುಸ್ತಕ, ಹಾಗಾಗಿ ಸೆಟ್ ₹636 ಆಯಿತು. ಮೇಲೆ ಟೆಂಪೋ ಬಾಡಿಗೆಯಲ್ಲಿ ಈ ಹಣದ ಪಾಲು ₹600. ಕೊನೆಗೆ 22 ಸೆಟ್ ಬಂತು, ₹408 ಉಳಿಯಿತು. ಹಂಚುವ ದಿನ ಅವರೇ ಬಂದು ಎಣಿಸಿದರು. "ದುಡ್ಡಿನ ವಿಷಯ ಬಿಡಿ ಮಾರಾಯ್ರೇ, 25 ಅಂತ ಬರೆದದ್ದು ನೀವೇ ಅಲ್ವಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದಾನಿಗೆ ಕಳಿಸುವ ಥ್ಯಾಂಕ್ಸ್ ಸಂದೇಶದಲ್ಲಿ ಜಾಸ್ತಿ ಕಷ್ಟದ್ದು ಹಣ ಎಲ್ಲಿಗೆ ಹೋಗುತ್ತದೆ ಎನ್ನುವ ಆ ಒಂದು ಸಾಲು. ಅದನ್ನು ಕೊನೆಗೆ ಬರೆಯಿರಿ. ಮೊದಲು ಬ್ಯಾಂಕ್ ಖಾತೆ ನೋಡಿ.

ಯುಪಿಐಯಲ್ಲಿ ಹಣ ಬಂದರೆ ಕಳಿಸಿದವರ ಹೆಸರು ಬೇರೆಯೇ ಇರಬಹುದು. ಅಪ್ಪ "ನಾನು ಕೊಟ್ಟೆ" ಎನ್ನುತ್ತಾರೆ, ಹಣ ಬಂದಿರುವುದು ಪುಣೆಯಲ್ಲಿರುವ ಮಗನ ಖಾತೆಯಿಂದ. ರಸೀದಿ ಯಾರ ಖಾತೆಯಿಂದ ಹಣ ಬಂತೋ ಅವರ ಹೆಸರಿಗೇ ಆಗಬೇಕು, ಪ್ಯಾನ್ ಕೂಡ ಅವರದ್ದೇ ಬೇಕು. ಅಪ್ಪನಿಗೆ ಪ್ರೀತಿಯಿಂದ ಪ್ರತ್ಯೇಕವಾಗಿ ಬರೆಯಿರಿ, ಅದಕ್ಕೆ ಅಡ್ಡಿಯಿಲ್ಲ. ಚೆಕ್ ಆದರೆ ಹಣ ಖಾತೆಗೆ ಜಮೆಯಾಗುವ ತನಕ "ಚೆಕ್ ತಲುಪಿತು" ಎಂದಷ್ಟೇ ಹೇಳಿ, ರಸೀದಿ ಆಮೇಲೆ. ಬೌನ್ಸ್ ಆದ ಚೆಕ್‌ಗೆ ಕೊಟ್ಟ ರಸೀದಿಯನ್ನು ವಾಪಸ್ ಕೇಳುವಷ್ಟು ಮುಜುಗರ ಇನ್ನೊಂದಿಲ್ಲ.

ಇನ್ನು ಬಳಕೆಯ ಸಾಲು. 2025ರಲ್ಲಿ ಅದೇ ಹಿರಿಯರು ಮತ್ತೆ ₹15,000 ಕಳಿಸಿದರು. ಈ ಸಲ ಅಂಗಡಿಯವರಿಂದ ಮೊದಲೇ ದರದ ಚೀಟಿ ಬರೆಸಿಕೊಂಡೆ: ಸೆಟ್‌ಗೆ ₹640. ಟೆಂಪೋಗೆ ₹1,800, ಮೂವರು ದಾನಿಗಳ ಹಣದಲ್ಲಿ ಸಮನಾಗಿ ಹಂಚಿದರೆ ತಲಾ ₹600. ₹15,000ದಲ್ಲಿ ಅದನ್ನು ಕಳೆದರೆ ₹14,400. ಅದರಲ್ಲಿ 22 ಸೆಟ್ ಬರುತ್ತದೆ, ಅಂದರೆ ₹14,080. ಮಿಕ್ಕಿದ್ದು ₹320. ಈ ಲೆಕ್ಕ ಕಾಗದದ ಮೇಲೆ ಬಂದ ಮೇಲಷ್ಟೇ ಫೋನ್ ಕೈಗೆತ್ತಿಕೊಂಡೆ. ಬರೆದದ್ದು ಇಷ್ಟು:

"ಪ್ರಿಯ ಶೆಟ್ರೇ, ನಮಸ್ಕಾರ. ನೀವು 18 ಮೇ 2025ರಂದು ಯುಪಿಐ ಮೂಲಕ ಕಳಿಸಿದ ₹15,000 (ಹದಿನೈದು ಸಾವಿರ ರೂಪಾಯಿ) ಸಂಘದ ಖಾತೆಗೆ ತಲುಪಿದೆ. ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ 7316. ರಸೀದಿ ಸಂಖ್ಯೆ 41, ಇದರ ಜೊತೆಗಿದೆ. ಈ ಹಣದಲ್ಲಿ 22 ಮಕ್ಕಳಿಗೆ ನೋಟ್‌ಬುಕ್ ಸೆಟ್ (₹14,080) ಮತ್ತು ಸಾಗಣೆಯಲ್ಲಿ ನಿಮ್ಮ ಪಾಲು (₹600) ಆಗುತ್ತದೆ. ಉಳಿಯುವ ₹320 ಅದೇ ಮಕ್ಕಳ ಪೆನ್ನು, ಪೆನ್ಸಿಲ್‌ಗೆ. ದರ ಬದಲಾದರೆ ಖರೀದಿಗೆ ಮೊದಲೇ ತಿಳಿಸುತ್ತೇವೆ. ಕಳೆದ ವರ್ಷ ಬಂದು ಪುಸ್ತಕ ಎಣಿಸಿದಿರಿ, ಈ ಸಲವೂ ಬನ್ನಿ."

ಕೊನೆಯ ಮಾತನ್ನು ಹಾಕಬೇಕೋ ಬೇಡವೋ ಎಂದು ತುಂಬಾ ಹೊತ್ತು ಯೋಚಿಸಿದೆ. ಹಾಕಿದ್ದು ಒಳ್ಳೆಯದಾಯಿತು, ನಕ್ಕು ಉತ್ತರ ಬರೆದರು. "ತಮ್ಮ ಉದಾರ ಹೃದಯಕ್ಕೆ ಅನಂತ ಕೃತಜ್ಞತೆಗಳು" ಎಂಬ ಸಾಲನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಪುಸ್ತಕ ಎಣಿಸಿದ ಮಾತನ್ನು ಅವರೊಬ್ಬರಿಗೇ ಕಳಿಸಲು ಸಾಧ್ಯ.

ಸಾಗಣೆಯ ₹600 ಬರೆದದ್ದಕ್ಕೆ ನಮ್ಮ ಸಮಿತಿಯಲ್ಲಿ ಒಬ್ಬರಿಗೆ ಸಿಟ್ಟು ಬಂತು. "ದಾನಿಗೆ ಟೆಂಪೋ ಲೆಕ್ಕ ಯಾಕೆ?" ಎಂದರು. ಯಾಕೆಂದರೆ ಪುಸ್ತಕ ಸುಮ್ನೆ ಹಾರಿಕೊಂಡು ಡೊಂಬಿವಲಿಗೆ ಬರುವುದಿಲ್ಲ. ಅದನ್ನು ಮುಚ್ಚಿಟ್ಟರೆ ಕೊನೆಗೆ ಸೆಟ್‌ಗಳ ಸಂಖ್ಯೆಯಲ್ಲಿ ಖೋತಾ ಕಾಣುತ್ತದೆ, ಆಗ ಕೊಡುವ ವಿವರಣೆ ನೆಪದ ಹಾಗೆ ಕೇಳಿಸುತ್ತದೆ. ಹಲವರ ಹಣ ಒಟ್ಟಿಗೆ ಸೇರಿ ಪ್ರತ್ಯೇಕ ಲೆಕ್ಕ ಇಡಲು ಆಗದಿದ್ದರೆ ಬೇರೆ ಥರ ಬರೆಯಿರಿ: "ಈ ವರ್ಷದ ಪುಸ್ತಕ ನಿಧಿಗೆ ನಿಮ್ಮ ₹15,000 ಸೇರಿದೆ. ನಿಧಿಯಿಂದ ಒಟ್ಟು ಇಷ್ಟು ಮಕ್ಕಳಿಗೆ ಕೊಡುತ್ತೇವೆ." ಇದು ಸ್ವಲ್ಪ ಸಪ್ಪೆ, ಆದರೆ ನಿಜ. ಬಿಲ್ ತೋರಿಸಿ ಎಂದರೆ ತೋರಿಸಲು ಆಗದ ಮಾತನ್ನು ಮಾತ್ರ ಬರೆಯಬೇಡಿ.

ತೆರಿಗೆಯ ಮಾತಿಗೆ ಬರೋಣ, 2025–26ರ ದೇಣಿಗೆಯ ನಿಯಮದಂತೆ. ನಿಮ್ಮ ಸಂಸ್ಥೆಗೆ, ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆ ಇದ್ದರೆ ಸಂಸ್ಥೆಯ ಪ್ಯಾನ್, ಅನುಮೋದನೆ ಸಂಖ್ಯೆ ರಸೀದಿಯಲ್ಲಿ ಇರಲಿ. ಇಲ್ಲದಿದ್ದರೆ ಆ ಹೆಸರನ್ನೇ ಎತ್ತಬೇಡಿ. "ಅರ್ಧ ತೆರಿಗೆ ಉಳಿಯುತ್ತದೆ" ಎಂದು ಬರೆಯುವವರಿದ್ದಾರೆ, ಅದು ತಪ್ಪು. ನಮ್ಮಂಥ ಸಾಮಾನ್ಯ ಸಂಸ್ಥೆಗೆ ₹15,000 ಕೊಟ್ಟರೆ ಅದರ ಅರ್ಧ, ₹7,500, ಅವರ ಆದಾಯದಿಂದ ಕಳೆಯುತ್ತದೆ. ತೆರಿಗೆಯಿಂದ ಅಲ್ಲ. ಅದಕ್ಕೂ ಆದಾಯದ ಮೇಲೆ ಒಂದು ಮಿತಿ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದೂ ಇಲ್ಲ. ಆದ್ದರಿಂದ ಸಂದೇಶದಲ್ಲಿ ಮೊತ್ತ ಹೇಳಲು ಹೋಗಬೇಡಿ, "ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ" ಎಂದರೆ ಸಾಕು.

ನಗದಿನ ವಿಷಯ ಮಾತ್ರ ಹಣ ಕೈಗೆ ಬರುವ ಮೊದಲೇ ಹೇಳಬೇಕು. ನಗದಾಗಿ ₹2,000ಕ್ಕಿಂತ ಜಾಸ್ತಿ ಕೊಟ್ಟರೆ 80ಜಿ ಸಿಗುವುದಿಲ್ಲ, ಮೊದಲ ₹2,000ಕ್ಕೂ ಇಲ್ಲ. ಗಲ್ಲಾದಿಂದ ನೋಟು ಎಣಿಸಿ ಕೊಡುವ ನಮ್ಮ ಹೋಟೆಲ್ ಬಳಗಕ್ಕೆ ಇದು ಗೊತ್ತಿರುವುದು ಕಡಿಮೆ. ಅವರೇ ಪುಸ್ತಕ ಕೊಂಡು ತಂದುಕೊಟ್ಟರೂ ಅಷ್ಟೇ: ಸ್ವೀಕೃತಿ ಪತ್ರ ಕೊಡಿ, 80ಜಿ ರಸೀದಿ ಕೊಡಬೇಡಿ.

ಇನ್ನೊಂದು, ನಾವು ಕೊಡುವ ರಸೀದಿ ಒಂದರಿಂದಲೇ ದಾನಿಯ ಕೆಲಸ ಮುಗಿಯುವುದಿಲ್ಲ. ವರ್ಷ ಮುಗಿದ ಮೇಲೆ ಸಂಸ್ಥೆ ಎಲ್ಲ ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಸಲ್ಲಿಸಬೇಕು. ಅಲ್ಲಿಂದ 10ಬಿಇ ಎಂಬ ಪ್ರಮಾಣಪತ್ರ ಇಳಿಸಿಕೊಂಡು ಒಬ್ಬೊಬ್ಬರಿಗೂ ಕಳಿಸಬೇಕು. 2025–26ರ ದೇಣಿಗೆಗೆ ಇದರ ಕಡೆಯ ದಿನ 31 ಮೇ 2026. ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ ದಾನಿಯ ರಿಟರ್ನ್‌ಗೆ ಅದು ತಾಳೆಯಾಗುವುದಿಲ್ಲ. ಅದಕ್ಕೇ ನಾನು ಪ್ಯಾನ್ ಅನ್ನು ಫೋನ್‌ನಲ್ಲಿ ಕೇಳಿ ಬರೆದುಕೊಳ್ಳುವುದು ಬಿಟ್ಟೆ. ಕಾರ್ಡಿನ ಫೋಟೋ ಕಳಿಸಿ ಎನ್ನುತ್ತೇನೆ, ದಾಖಲಿಸಿಕೊಂಡ ಮೇಲೆ ಆ ಫೋಟೋವನ್ನು ಅಳಿಸುತ್ತೇನೆ.

ಹಂಚಿಕೆ ಮುಗಿದ ವಾರದಲ್ಲೇ ಎರಡನೇ ಸಂದೇಶ ಹೋಗಲಿ. ಅಂಗಡಿ ಬಿಲ್ಲಿನ ಚಿತ್ರ, ಕೊಟ್ಟ ಸೆಟ್‌ಗಳ ಸಂಖ್ಯೆ, ಉಳಿದದ್ದು ಎಲ್ಲಿಗೆ ಹೋಯಿತು, ಇಷ್ಟೇ. ಮಕ್ಕಳ ಮುಖ ಕಾಣುವ ಫೋಟೋ ಬೇಡ. ಪುಸ್ತಕದ ಕಟ್ಟುಗಳನ್ನು ಜೋಡಿಸಿಟ್ಟ ಬೆಂಚಿನ ಫೋಟೋ ಸಾಕು. ಶೆಟ್ರು ಅದನ್ನೂ ದೊಡ್ಡದು ಮಾಡಿ ಎಣಿಸಿದರು. "ಚಿತ್ರದಲ್ಲಿ 21 ಕಾಣ್ತದೆ" ಎಂದು ಬರೆದರು. ಇನ್ನೊಂದು ಕಟ್ಟು ಬೆಂಚಿನ ಕೆಳಗಿತ್ತು.